ಅಜ್ಜಿಯ ಹಾಡಿನೊಳಗೆ ಅಡಗಿದ್ದ ಗೆರೆಗಳು

ಅಜ್ಜಿಗೆ ಈಗ ಹಾಡಲು ಆಗುವುದಿಲ್ಲ. ಹೋದ ವರ್ಷ ಲ್ಯಾಪ್‌ಟಾಪ್‌ಗೆ ಮೈಕ್ ಸಿಕ್ಕಿಸಿ ನಾನು ರೆಕಾರ್ಡ್ ಮಾಡಿಕೊಂಡಿದ್ದ ಹದಿನಾಲ್ಕು ನಿಮಿಷದ ಸೋಬಾನೆ ಪದವೊಂದೇ ಉಳಿದಿರುವುದು. ಮೊನ್ನೆ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಹಾಡಿನ ಹಿಂದೆ 'ಗುಂಯ್' ಎನ್ನುವ ಸದ್ದು, ನಡುನಡುವೆ ಕರ್ಕಶ ಪಟಪಟ.

ಫೈಲನ್ನು ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು, ಟ್ರ್ಯಾಕ್‌ನ ಮೆನುವಿನಲ್ಲಿ `Spectrogram` ಒತ್ತಿದೆ. ಇದು ಸದ್ದಿನ ಚಿತ್ರ. ಎಡದಿಂದ ಬಲಕ್ಕೆ ಸಮಯ, ಕೆಳಗಿನಿಂದ ಮೇಲಕ್ಕೆ ಕಂಪನಾಂಕ. ಸದ್ದು ಜೋರಿದ್ದಲ್ಲಿ ಬಣ್ಣ ಉಜ್ವಲ. ಅಜ್ಜಿಯ ದನಿ ಒಂದರ ಮೇಲೊಂದು ಅಲೆಯಲೆಯಾದ ಪಟ್ಟಿಗಳಂತೆ ಕಂಡಿತು.

ಆದರೆ ತಳದಲ್ಲಿ ಸ್ವಲ್ಪವೂ ಅಲುಗಾಡದ ನೇರ ಗೆರೆಗಳಿದ್ದವು. `Window Size` ಅನ್ನು 8192ಕ್ಕೆ ಏರಿಸಿದಾಗ ಅವು ಬಿಡಿಬಿಡಿಯಾಗಿ ಕಂಡವು: 50, 100, 150, 200 ಹರ್ಟ್ಸ್. ನಮ್ಮ ಮನೆಯ ಕರೆಂಟಿನ ಕಂಪನಾಂಕವೇ 50. ಹನ್ನೊಂದನೇ ನಿಮಿಷದಲ್ಲಿ ಎಲ್ಲ ಗೆರೆಗಳೂ ಒಟ್ಟಿಗೇ ಮಾಯ. ಆಗ ನೆನಪಾಯಿತು, ಅವತ್ತು ನಡುವೆ ಕರೆಂಟ್ ಹೋಗಿತ್ತು! ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆದಿತ್ತು. ಅದೇ ಲ್ಯಾಪ್‌ಟಾಪನ್ನು ಚಾರ್ಜರ್ ಹಾಕಿ ಒಮ್ಮೆ, ತೆಗೆದು ಒಮ್ಮೆ ರೆಕಾರ್ಡ್ ಮಾಡಿ ನೋಡಿದೆ. ಚಾರ್ಜರ್ ತೆಗೆದರೆ ಗೆರೆ ಇಲ್ಲ. ಕಳ್ಳ ಸಿಕ್ಕಿಬಿದ್ದ.

ಮೇಲ್ತುದಿಯಲ್ಲಿ, 15,600 ಹರ್ಟ್ಸ್ ಆಸುಪಾಸಿನಲ್ಲಿ ಇನ್ನೊಂದು ತೆಳು ಗೆರೆ. ನಾಲ್ಕನೇ ನಿಮಿಷಕ್ಕೆ ಅದು ನಿಂತಿತ್ತು, ಕರೆಂಟ್ ಮಾತ್ರ ಇನ್ನೂ ಇತ್ತು. ಹಾಗಾಗಿ ಇದು ಚಾರ್ಜರ್ ಕೆಲಸವಲ್ಲ. ನಮ್ಮ ನಡುಮನೆಯಲ್ಲಿರುವುದು ಹಳೆಯ ಡಬ್ಬಿ ಟಿ.ವಿ. ಅಂಥ ಟಿ.ವಿ. ಸೆಕೆಂಡಿಗೆ 25 ಚಿತ್ರ, ಚಿತ್ರಕ್ಕೆ 625 ಸಾಲು ಬರೆಯುತ್ತದೆ. ಗುಣಿಸಿದರೆ 15,625. ತಾತ ಸೌಂಡ್ ಮ್ಯೂಟ್ ಮಾಡಿ ಕ್ರಿಕೆಟ್ ನೋಡುತ್ತಿದ್ದರು, ಆಮೇಲೆ ಆರಿಸಿದ್ದರು. ವಯಸ್ಸಾದವರ ಕಿವಿಗೆ ಈ ಸದ್ದು ಬೀಳುವುದೇ ಇಲ್ಲ.

ಪಟಪಟ ಸದ್ದಿದ್ದ ಜಾಗಗಳಲ್ಲಿ ಅಡಿಯಿಂದ ಮುಡಿಯವರೆಗೆ ಲಂಬ ಗೆರೆಗಳಿದ್ದವು. ಚಪ್ಪಾಳೆಗೂ ಇಂಥದೇ ಗೆರೆ ಬರುತ್ತದೆ, ಹಾಗಾಗಿ ತರಂಗದ ನೋಟಕ್ಕೆ ಮರಳಿ ಹಿಗ್ಗಿಸಿ ನೋಡಿದೆ. ಅಲೆಗಳ ನೆತ್ತಿಯನ್ನು ಕತ್ತರಿಯಲ್ಲಿ ಕತ್ತರಿಸಿದಂತೆ ಚಪ್ಪಟೆಯಾಗಿತ್ತು. ಅಂದರೆ ಅಜ್ಜಿ ದನಿ ಏರಿಸಿದಾಗ ಮೈಕಿನ ಮಟ್ಟ ಮಿತಿ ಮೀರಿದೆ. ಇದೇ ಕ್ಲಿಪ್ಪಿಂಗ್.

ಅಜ್ಜಿಯ ದನಿಯ ಅತಿ ಕೆಳಗಿನ ಪಟ್ಟಿ ಇದ್ದದ್ದು 180 ಹರ್ಟ್ಸ್ ಮೇಲೆ. ಹಾಗಾಗಿ `Notch Filter`ನಿಂದ 50, 100, 150ರ ಗೆರೆಗಳನ್ನು ಧೈರ್ಯವಾಗಿ ತೆಗೆದೆ. ಟಿ.ವಿ.ಯ ಗೆರೆಯೂ ಹಾಗೇ ಹೋಯಿತು. 200ರದ್ದನ್ನು ಮುಟ್ಟಲಿಲ್ಲ, ಅದರ ಮೇಲೆಯೇ ಅಜ್ಜಿಯ ರಾಗ ಹಾದುಹೋಗುತ್ತದೆ. ಕತ್ತರಿಸಿಹೋದ ಅಲೆಯ ನೆತ್ತಿಯಂತೂ ಮರಳಿ ಬರುವುದಿಲ್ಲ. ವಾಲ್ಯೂಮ್ ತಗ್ಗಿಸಿದರೆ ಚಪ್ಪಟೆ ನೆತ್ತಿಯೇ ಚಿಕ್ಕದಾಗುತ್ತದೆ, ಅಷ್ಟೆ.

ಮುಂದಿನ ವಾರ ಅಜ್ಜಿಯ ತಂಗಿಯ ಹಾಡು ರೆಕಾರ್ಡ್ ಮಾಡಬೇಕು. ಚಾರ್ಜರ್ ತೆಗೆದಿಡುತ್ತೇನೆ. ಅವರು ಅತಿ ಜೋರಾಗಿ ಹಾಡುವ ಸಾಲನ್ನು ಮೊದಲು ಹಾಡಿಸಿ, ಮೀಟರ್ −12 ಡೆಸಿಬೆಲ್ ದಾಟದಂತೆ ಮಟ್ಟ ಇಡುತ್ತೇನೆ. ತಾತನ ಕ್ರಿಕೆಟ್ ಅವತ್ತಿಗೆ ಬಂದ್.