ವೈಫೈ ಒಟಿಪಿ ಕೇಳತೊಡಗಿದ ಕಥೆ

ದೇವನಹಳ್ಳಿಯ ಹೊಸ ವಿಮಾನ ನಿಲ್ದಾಣ ಶುರುವಾಗಿದ್ದು 2008ರ ಮೇ ತಿಂಗಳ ಕೊನೆಯಲ್ಲಿ. ಅದಾಗಿ ಎರಡೇ ತಿಂಗಳಿಗೆ, ಜುಲೈ 25ರ ಮಧ್ಯಾಹ್ನ, ಬೆಂಗಳೂರಿನಲ್ಲಿ ಸರಣಿ ಬಾಂಬ್‌ಗಳು ಸಿಡಿದವು. ಮರುದಿನ ಸಂಜೆ ಅಹಮದಾಬಾದ್ ಸರದಿ. ಅಲ್ಲಿ ಮೊದಲ ಬಾಂಬ್ ಸಿಡಿಯುವ ಕೆಲವೇ ನಿಮಿಷ ಮುಂಚೆ ಸುದ್ದಿವಾಹಿನಿಗಳಿಗೆ ಬೆದರಿಕೆಯ ಒಂದು ಇ-ಮೇಲ್ ತಲುಪಿತ್ತು. ಪೊಲೀಸರು ಅದರ ಜಾಡು ಹಿಡಿದು ಹೋದರೆ ಸಿಕ್ಕಿದ್ದು ನವಿ ಮುಂಬೈನ ಒಂದು ಫ್ಲ್ಯಾಟು, ಅದರಲ್ಲಿ ವಾಸವಿದ್ದ ಅಮೆರಿಕದ ಪ್ರಜೆ. ಮನುಷ್ಯನಿಗೆ ಏನೂ ಗೊತ್ತಿರಲಿಲ್ಲ. ಅವನ ಮನೆಯ ವೈಫೈಗೆ ಭದ್ರವಾದ ಬೀಗವಿರಲಿಲ್ಲ, ಬೇರೆ ಯಾರೋ ಅದನ್ನು ಬಳಸಿ ಮೇಲ್ ಕಳಿಸಿದ್ದರು. ಮುಂದಿನ ತಿಂಗಳುಗಳಲ್ಲಿ ಮುಂಬೈನ ಇನ್ನೆರಡು ಕಡೆಯ ವೈಫೈಗಳಿಂದಲೂ ಇಂಥದ್ದೇ ಮೇಲ್‌ಗಳು ಹೊರಟವು.

ಇಂದು ಹೋಟೆಲು, ಕಾಫಿ ಅಂಗಡಿ, ವಿಮಾನ ನಿಲ್ದಾಣ ಎಲ್ಲೇ ವೈಫೈ ಹಿಡಿದರೂ ಫೋನ್ ನಂಬರ್ ಕೇಳುವ ಪುಟ ಎದುರಾಗುವುದು ಈ ಪ್ರಕರಣದ ದೆಸೆಯಿಂದ. 2009ರ ಫೆಬ್ರುವರಿ 23ರಂದು ಕೇಂದ್ರ ದೂರಸಂಪರ್ಕ ಇಲಾಖೆ ಇಂಟರ್‌ನೆಟ್ ಕಂಪನಿಗಳಿಗೆ ಒಂದು ಸೂಚನೆ ಕಳಿಸಿತು. ಸಾರ್ವಜನಿಕ ಜಾಗದಲ್ಲಿ ವೈಫೈ ಕೊಡುವವರು ಬಳಸುವವರ ಗುರುತಿನ ಚೀಟಿಯ ನಕಲನ್ನು ಇಟ್ಟುಕೊಳ್ಳಬೇಕು, ಇಲ್ಲವೇ ಲಾಗಿನ್ ವಿವರವನ್ನು ಅವರ ಮೊಬೈಲ್‌ಗೆ ಎಸ್ಎಂಎಸ್ ಮಾಡಿ ಆ ನಂಬರನ್ನೇ ಗುರುತೆಂದು ದಾಖಲಿಸಬೇಕು. ಒಂದು ವರ್ಷ ಆ ದಾಖಲೆ ಇರಬೇಕು. ಚೀಟಿಯ ಜೆರಾಕ್ಸ್ ಜೋಡಿಸಿಡುವ ರಗಳೆ ಯಾರಿಗೆ ಬೇಕು? ಎಲ್ಲರೂ ಒಟಿಪಿಯ ದಾರಿ ಹಿಡಿದರು.

ಅಂದರೆ ಈ ಪುಟ ಲಾಡ್ಜಿನ ರಿಜಿಸ್ಟರ್ ಇದ್ದಂತೆ. ನಾಳೆ ಪೊಲೀಸರು ಕೇಳಿದರೆ ತೋರಿಸಲು ಹೆಸರು ಬರೆಸಿಕೊಳ್ಳುತ್ತದೆಯೇ ಹೊರತು ಕೋಣೆಗೆ ಬೀಗ ಹಾಕುವುದಿಲ್ಲ. ಒಟಿಪಿ ಹಾಕಿದ ಮೇಲೆ ವೈಫೈ ‘ಸೇಫ್’ ಆಯಿತು ಎಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಸಂಪರ್ಕಿಸುವಾಗ ಪಾಸ್‌ವರ್ಡ್ ಕೇಳದ ಹಳೆಯ ಬಗೆಯ ಬಯಲು ವೈಫೈನಲ್ಲಿ, ಒಟಿಪಿಗೆ ಮುಂಚೆಯೂ ಆಮೇಲೂ, ಫೋನಿನಿಂದ ರೂಟರಿಗೆ ಹೋಗುವ ಸಂಕೇತಗಳು ಗೂಢಲಿಪಿಯಿಲ್ಲದೆ ಗಾಳಿಯಲ್ಲಿ ಹೋಗುತ್ತವೆ.

ಬೆಂಗಳೂರಿನ ಮಟ್ಟಿಗೆ ಆ ಪುಟ ಜನರ ಕೈಗೆ ಬಂದದ್ದು 2014ರ ಜನವರಿಯಲ್ಲಿ, ‘ನಮ್ಮ ವೈಫೈ’ ಹೆಸರಿನಲ್ಲಿ. ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳಲ್ಲಿ ನಿಂತು ಮೊಬೈಲ್ ನಂಬರ್ ಕೊಟ್ಟರೆ ದಿನಕ್ಕೆ 50 ಎಂಬಿ ಉಚಿತ. ಇಂದು ಅಷ್ಟರಲ್ಲಿ ಒಂದು ಒಳ್ಳೆಯ ವಿಡಿಯೊ ಕೂಡ ಮುಗಿಯುವುದಿಲ್ಲ, ಆದರೆ ಅಂದು ಅದಕ್ಕಾಗಿ ಹುಡುಗರು ಗುಂಪುಗಟ್ಟಿದ್ದುಂಟು. ಮೊಬೈಲ್ ಡೇಟಾ ಅಗ್ಗವಾಗುತ್ತಿದ್ದಂತೆ ಆ ಉತ್ಸಾಹ ಇಳಿಯಿತು. ರೈಲು ನಿಲ್ದಾಣಗಳಲ್ಲಿ ರೈಲ್‌ಟೆಲ್ ಜೊತೆ ವೈಫೈ ಕೊಡುತ್ತಿದ್ದ ಗೂಗಲ್ ಕೂಡ 2020ರಲ್ಲಿ ಕೈಬಿಟ್ಟಿತು. ವಿಮಾನ ನಿಲ್ದಾಣದಲ್ಲೂ ಅದರ ಸುತ್ತ ಎದ್ದ ಹೋಟೆಲುಗಳಲ್ಲೂ ಮಾತ್ರ ಆ ಪುಟ ಇಂದಿಗೂ ದಿನವಹಿ ವ್ಯವಹಾರ.

ಫೋನಿಗೆ ಈ ಪುಟ ಇರುವುದು ಗೊತ್ತಾಗುವ ಬಗೆಯೇ ಒಂದು ಕುತೂಹಲ. ವೈಫೈ ಸಿಕ್ಕ ಕೂಡಲೇ ಆಂಡ್ರಾಯ್ಡ್ ಫೋನು ಯಾರಿಗೂ ಹೇಳದೆ ಒಂದು ವಿಳಾಸವನ್ನು ತಟ್ಟಿ ನೋಡುತ್ತದೆ:

```
http://connectivitycheck.gstatic.com/generate_204
```

ಅಲ್ಲಿಂದ ‘204’ ಎಂಬ ಖಾಲಿ ಉತ್ತರ ಬಂದರೆ ಇಂಟರ್‌ನೆಟ್ ತೆರೆದಿದೆ ಎಂದರ್ಥ. ನಡುವೆ ಹೋಟೆಲಿನ ಗೇಟ್‌ವೇ ಆ ಕೋರಿಕೆಯನ್ನು ತಡೆದು ತನ್ನ ಪುಟದ ಕಡೆಗೆ ತಿರುಗಿಸಿದರೆ, ಫೋನು ‘ಸೈನ್ ಇನ್ ಮಾಡಿ’ ಎನ್ನುತ್ತದೆ. ಐಫೋನ್ ಹೀಗೇ `captive.apple.com` ಅನ್ನು ತಟ್ಟುತ್ತದೆ. ಅದು ನಿರೀಕ್ಷಿಸುವ ಉತ್ತರ `Success` ಎಂಬ ಒಂದೇ ಪದ. 2012ರ ಸೆಪ್ಟೆಂಬರಿನಲ್ಲಿ ಐಒಎಸ್ 6 ಬಿಡುಗಡೆಯಾದ ದಿನ ಆ ಒಂದು ಪದದ ಪುಟ ಆಪಲ್‌ನ ಸರ್ವರಿನಲ್ಲೇ ಸಿಗದೆ ಹೋಯಿತು. ತಮ್ಮ ಮನೆಯ ವೈಫೈನಲ್ಲಿ ಕೂತವರಿಗೂ ಫೋನು ಲಾಗಿನ್ ಕಿಟಕಿ ತೆರೆದು, ಅದರಲ್ಲಿ ‘ಪುಟ ಸಿಗಲಿಲ್ಲ’ ಎಂದು ತೋರಿಸಿತು!

ಇಲ್ಲಿ ಗಮನಿಸಬೇಕಾದ್ದು, ಫೋನು ತಟ್ಟುವ ಆ ವಿಳಾಸ ಬೇಕೆಂದೇ ಹಳೆಯ `http`, ಬೀಗವಿಲ್ಲದ್ದು. ಬೀಗವಿರುವ `https` ತಾಣವನ್ನು ನಡುವೆ ಯಾರೇ ತಿರುಗಿಸಹೋದರೂ ಬ್ರೌಸರ್ ಸರ್ಟಿಫಿಕೇಟ್ ಸರಿಯಿಲ್ಲವೆಂದು ಕೂಗುತ್ತದೆ. ವೈಫೈ ಹಿಡಿದ ಕೂಡಲೇ ಬ್ಯಾಂಕಿನ ತಾಣ ತೆರೆಯಹೊರಟವರಿಗೆ ಕಾಣುವ ಕೆಂಪು ಎಚ್ಚರಿಕೆಗೆ ಎಷ್ಟೋ ಸಲ ಇದೇ ಕಾರಣ. ಆದರೆ ಕಳ್ಳ ವೈಫೈ ಇದ್ದರೂ ಕಾಣುವುದು ಅದೇ ಎಚ್ಚರಿಕೆ. ಎರಡರಲ್ಲಿ ಯಾವುದೆಂದು ಆ ಪುಟ ನೋಡಿ ಹೇಳಲಾಗದು. ಆದ್ದರಿಂದ ಎಚ್ಚರಿಕೆಯನ್ನು ದಾಟಿ ಒಳಹೋಗದೆ ಹಿಂದೆ ಬರುವುದೊಂದೇ ಸರಿ. ಲಾಗಿನ್ ಪುಟ ತಾನಾಗಿ ಬಾರದಿದ್ದರೆ ಬ್ರೌಸರಿನಲ್ಲಿ `http://neverssl.com` ಎಂದು ಟೈಪ್ ಮಾಡಬಹುದು. ಗೇಟ್‌ವೇ ಸಲೀಸಾಗಿ ತಿರುಗಿಸಲಿ ಎಂದೇ ಇಟ್ಟಿರುವ ತಾಣ ಅದು.

ದೊಡ್ಡಬಳ್ಳಾಪುರದ ಒಬ್ಬ ಮಗ್ಗದ ಮಾಲೀಕರು ಬೆಳಗಿನ ಜಾವದ ಸೂರತ್ ವಿಮಾನಕ್ಕೆಂದು ಹಿಂದಿನ ರಾತ್ರಿಯೇ ದೇವನಹಳ್ಳಿ ಬಳಿಯ ಹೋಟೆಲಿನಲ್ಲಿ ಉಳಿದರು ಎಂದುಕೊಳ್ಳೋಣ. ನೂಲಿನ ಬಿಲ್ ಮೇಲ್ ಮಾಡಬೇಕು, ಒಬ್ಬರಿಗೆ ಹಣ ಹಾಕಬೇಕು. ಫೋನಿನಲ್ಲಿ ಹೋಟೆಲಿನ ಹೆಸರಿರುವ ವೈಫೈ ಎರಡು ಕಾಣುತ್ತವೆ, ಒಂದರ ಕೊನೆಗೆ `Free` ಎಂದಿದೆ. ವೈಫೈಗೆ ಯಾರು ಯಾವ ಹೆಸರು ಬೇಕಾದರೂ ಇಡಬಹುದು, ಪಕ್ಕದ ಕೋಣೆಯವನೂ ಇಡಬಹುದು. ಆದ್ದರಿಂದ ಮೊದಲ ಕೆಲಸ ರಿಸೆಪ್ಷನ್‌ಗೆ ಫೋನ್ ಮಾಡಿ ಸರಿಯಾದ ಹೆಸರನ್ನೂ, ಪುಟ ಏನೇನು ಕೇಳುತ್ತದೆ ಎಂಬುದನ್ನೂ ತಿಳಿಯುವುದು.

ಪುಟ ಕೋಣೆ ನಂಬರ್ ಮತ್ತು ಹೆಸರು ಕೇಳಿದರೆ ಸರಿ, ಮೊಬೈಲ್ ನಂಬರ್ ಕೇಳಿದರೂ ಸರಿ. ಜಿಮೇಲ್ ಪಾಸ್‌ವರ್ಡ್, ಆಧಾರ್ ನಂಬರ್, ಯುಪಿಐ ಪಿನ್ ಕೇಳಿದರೆ ಅಲ್ಲಿಗೇ ನಿಲ್ಲಬೇಕು. 2009ರ ಸೂಚನೆಗೆ ಇವು ಯಾವುವೂ ಬೇಕಿಲ್ಲ. ಒಟಿಪಿ ಬಂದಾಗ ಅಂಕಿಯನ್ನಷ್ಟೇ ಹೆಕ್ಕಿ ಹಾಕದೆ ಎಸ್ಎಂಎಸ್ ಅನ್ನು ಪೂರ್ತಿ ಓದಬೇಕು. ಮೋಸದ ಪುಟವಾದರೆ, ಇವರು ನಂಬರ್ ಕೊಟ್ಟ ಕ್ಷಣದಲ್ಲೇ ಆ ಕಡೆಯವನು ಅದೇ ನಂಬರಿನಿಂದ ವಾಟ್ಸ್‌ಆ್ಯಪ್ ಲಾಗಿನ್‌ಗೆ ಯತ್ನಿಸಬಹುದು. ಬರುವ ಆರಂಕಿ ವೈಫೈಯದಲ್ಲ, ವಾಟ್ಸ್‌ಆ್ಯಪಿನದು. ಸಂದೇಶದಲ್ಲಿ ಅದು ಬರೆದೇ ಇರುತ್ತದೆ. ಆದರೆ ಫೋನುಗಳು ಈಗ ಅಂಕಿಯನ್ನು ತಾವೇ ತುಂಬಿಸಲು ಮುಂದಾಗುವುದರಿಂದ ಓದುವವರು ಕಡಿಮೆ.

ಲಾಗಿನ್ ಪುಟವೇ ಬಲೆಯಾದ ದಾಖಲೆಗಳಿವೆ. 2014ರ ನವೆಂಬರಿನಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆ ‘ಡಾರ್ಕ್‌ಹೋಟೆಲ್’ ಎಂಬ ಗುಂಪಿನ ಕೈಚಳಕವನ್ನು ಬಯಲು ಮಾಡಿತು. ಏಷ್ಯಾದ ದುಬಾರಿ ಹೋಟೆಲುಗಳ ವೈಫೈ ವ್ಯವಸ್ಥೆಯೊಳಗೇ ಹೊಕ್ಕಿದ್ದ ಈ ಗುಂಪು, ತನಗೆ ಬೇಕಾದ ಅತಿಥಿ ಕೋಣೆ ನಂಬರ್ ಮತ್ತು ಕುಲನಾಮ ಹಾಕಿ ಲಾಗಿನ್ ಆಗುವುದನ್ನೇ ಕಾಯುತ್ತಿತ್ತು. ಆಮೇಲೆ ಅಡೋಬಿ ಫ್ಲ್ಯಾಶ್‌ನಂಥ ತಂತ್ರಾಂಶದ ‘ಅಪ್‌ಡೇಟ್’ ಬಂದಿದೆ ಎಂದು ತೋರಿಸುತ್ತಿತ್ತು. ಒತ್ತಿದರೆ ಲ್ಯಾಪ್‌ಟಾಪ್‌ಗೆ ಗೂಢಚಾರಿ ತಂತ್ರಾಂಶ ಇಳಿಯುತ್ತಿತ್ತು. ಹೋಟೆಲು ಅಸಲಿ, ವೈಫೈ ಅಸಲಿ, ಪುಟವೂ ಅಸಲಿ. ಅಪ್‌ಡೇಟ್ ಒಂದೇ ನಕಲಿ. ನಮ್ಮ ಮಗ್ಗದ ಮಾಲೀಕರ ಬೆನ್ನಿಗೆ ಅಂಥವರು ಬೀಳಲಾರರು, ಆದರೂ ವೈಫೈಗೆಂದು ಆ್ಯಪ್, ಅಪ್‌ಡೇಟ್, ಸರ್ಟಿಫಿಕೇಟ್ ಯಾವುದನ್ನೂ ಇಳಿಸಿಕೊಳ್ಳಬಾರದು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಇನ್ನೊಂದು ಆಸ್ಟ್ರೇಲಿಯಾದ್ದು, ಸಾಮಾನ್ಯರನ್ನೇ ಗುರಿ ಮಾಡಿದ್ದು. 2024ರಲ್ಲಿ ಅಲ್ಲಿನ ಫೆಡರಲ್ ಪೊಲೀಸರು ಒಬ್ಬನ ಮೇಲೆ ಮೊಕದ್ದಮೆ ಹೂಡಿದರು. ಕೈಚೀಲದಲ್ಲಿ ಪುಟ್ಟ ವೈಫೈ ಸಾಧನವಿಟ್ಟುಕೊಂಡು ವಿಮಾನ ನಿಲ್ದಾಣಗಳಲ್ಲೂ ಹಾರುವ ವಿಮಾನದಲ್ಲೂ ಅಲ್ಲಿಯದೇ ಹೆಸರಿನ ವೈಫೈ ಬಿತ್ತರಿಸುತ್ತಿದ್ದ, ಸಿಕ್ಕಿಕೊಂಡವರಿಂದ ಇ-ಮೇಲ್ ಇಲ್ಲವೇ ಸಾಮಾಜಿಕ ಜಾಲತಾಣದ ಲಾಗಿನ್ ಕೇಳುತ್ತಿದ್ದ ಎಂಬುದು ಆರೋಪವಾಗಿತ್ತು. ಗುಮಾನಿಯ ವೈಫೈಯನ್ನು ಮೊದಲು ಗಮನಿಸಿದ್ದು ವಿಮಾನ ಕಂಪನಿಯ ಸಿಬ್ಬಂದಿ.

ಈಗ ವಿಪಿಎನ್. ಎಲ್ಲದಕ್ಕೂ ಅದೇ ಮದ್ದು ಎಂಬ ಜಾಹೀರಾತು ಯೂಟ್ಯೂಬಿನಲ್ಲಿ ಕಣ್ಣು ಬಿಟ್ಟರೆ ಕಾಣುತ್ತದೆ, ಸ್ವಲ್ಪ ಸಿಟ್ಟೂ ಬರುತ್ತದೆ. ಮೇಲಿನ ಎರಡನೆಯ ಪ್ರಕರಣವನ್ನೇ ನೋಡಿ. ಆಸ್ಟ್ರೇಲಿಯಾದಲ್ಲಿ ಪಾಸ್‌ವರ್ಡ್ ಹೋದದ್ದು ಲಾಗಿನ್ ಪುಟದಲ್ಲಿ. ವಿಪಿಎನ್ ಕೆಲಸ ಶುರುವಾಗುವುದು ಆ ಪುಟ ದಾಟಿದ ಮೇಲೆ. ಒಟಿಪಿ ಹಾಕುವವರೆಗೂ ಗೇಟ್‌ವೇ ಯಾವ ಸಂಪರ್ಕವನ್ನೂ ಹೊರಗೆ ಬಿಡುವುದಿಲ್ಲ, ವಿಪಿಎನ್ ಸರ್ವರಿನದನ್ನೂ ಸಹ. ಅದಕ್ಕೇ ವಿಪಿಎನ್ ಸದಾ ಆನ್ ಇಟ್ಟು, ‘ವಿಪಿಎನ್ ಇಲ್ಲದ ಸಂಪರ್ಕ ಬೇಡ’ ಎಂಬ ಆಂಡ್ರಾಯ್ಡ್ ಸೆಟ್ಟಿಂಗನ್ನೂ ಒತ್ತಿಟ್ಟವರಿಗೆ ಹೋಟೆಲಿನಲ್ಲಿ ಲಾಗಿನ್ ಪುಟವೇ ತೆರೆಯದೆ ಹೋಗಬಹುದು. ವೈಫೈ ಕೆಟ್ಟಿದೆ ಎಂದು ಅವರು ರಿಸೆಪ್ಷನ್ ಹುಡುಗನ ಮೇಲೆ ರೇಗುತ್ತಾರೆ. ಮೇಲ್, ಬ್ಯಾಂಕು ಯಾವುದನ್ನೂ ತೆರೆಯದೆ ವಿಪಿಎನ್ ನಿಲ್ಲಿಸಿ ಲಾಗಿನ್ ಮುಗಿಸಬೇಕು, ಕೂಡಲೇ ವಿಪಿಎನ್ ಆನ್ ಮಾಡಬೇಕು, ಉಳಿದ ಕೆಲಸ ಆಮೇಲೆ.

ಹಾಗಾದರೆ ಅದರಿಂದ ಉಪಯೋಗವೇನು? ಇಂದು ಬ್ಯಾಂಕ್ ಆ್ಯಪು, ಮೇಲು, ವಾಟ್ಸ್‌ಆ್ಯಪು ಎಲ್ಲವೂ ತಮ್ಮದೇ ಬೀಗ ಹಾಕಿಕೊಂಡೇ ಓಡಾಡುತ್ತವೆ. ಹೋಟೆಲಿನ ವೈಫೈ ನೋಡಿಕೊಳ್ಳುವವನಿಗೆ ಅವುಗಳ ಒಳಗಿನದು ಕಾಣದು. ಯಾವ ತಾಣಕ್ಕೆ ಹೋದಿರಿ ಎಂಬುದು ಕಾಣುತ್ತದೆ. ವಿಪಿಎನ್ ಅದನ್ನೂ ಮರೆಮಾಡುತ್ತದೆ, ಇನ್ನೂ `http`ಯಲ್ಲೇ ಉಳಿದಿರುವ ಹಳೆಯ ತಾಣಗಳನ್ನೂ ಹೋಟೆಲಿನ ಕಣ್ಣಿನಿಂದ ಮುಚ್ಚುತ್ತದೆ. ಅದರ ನಿಜವಾದ ಬಳಕೆ ಕಚೇರಿಯ ಒಳಗಿನ ಕಡತ, ಲೆಕ್ಕದ ತಂತ್ರಾಂಶಗಳನ್ನು ಹೊರಗಿನಿಂದ ತೆರೆಯುವವರಿಗೆ. ನೆಲಮಂಗಲದ ಗೋದಾಮಿನ ಲೆಕ್ಕ ನೋಡುವ ಮ್ಯಾನೇಜರು ಹೋಟೆಲಿನಲ್ಲಿ ಕೂತು ಕಂಪನಿಯ ಸರ್ವರ್ ತೆರೆಯುವುದಿದ್ದರೆ ಕಂಪನಿ ಕೊಟ್ಟ ವಿಪಿಎನ್ ಬೇಕೇ ಬೇಕು. ಅದರ ಲಾಗಿನ್‌ಗೆ ಪಾಸ್‌ವರ್ಡ್ ಜೊತೆ ಇನ್ನೊಂದು ದೃಢೀಕರಣವೂ ಇದ್ದರೆ ಒಳ್ಳೆಯದು.

ಉಚಿತ ವಿಪಿಎನ್ ಆ್ಯಪುಗಳ ವಿಷಯ ಬೇರೆ. ಹೋಟೆಲಿನವನ ಕಣ್ಣು ತಪ್ಪಿಸಿ ಊರು ಹೆಸರು ಗೊತ್ತಿಲ್ಲದ ಇನ್ನೊಬ್ಬನ ಕೈಗೆ ಎಲ್ಲವನ್ನೂ ಒಪ್ಪಿಸಿದಂತಾಗುತ್ತದೆ. ಕಾಸು ಕೊಟ್ಟು ಕೊಳ್ಳುವವುಗಳ ಕಥೆಯೂ 2009ರ ಆ ಸೂಚನೆಯ ಮುಂದುವರಿದ ಭಾಗದಂತೆಯೇ ಇದೆ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್, ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರುಗಳನ್ನು ಐದು ವರ್ಷ ಇಟ್ಟಿರಬೇಕು ಎಂದು ಆದೇಶಿಸಿತು. ಕಚೇರಿಗಳ ಸ್ವಂತ ವಿಪಿಎನ್‌ಗೆ ಇದರಿಂದ ವಿನಾಯಿತಿ ಇತ್ತು. ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್, ಸರ್ಫ್‌ಶಾರ್ಕ್ ಮೊದಲಾದವು ಒಪ್ಪದೆ ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನೇ ತೆಗೆದುಬಿಟ್ಟವು. ವಿದೇಶಿ ಸರ್ವರ್ ಮೂಲಕ ಹೋದರೆ ನಮ್ಮ ಕೆಲವು ಬ್ಯಾಂಕ್ ಆ್ಯಪುಗಳು, ಸರ್ಕಾರಿ ತಾಣಗಳು ತೆರೆಯುವುದೇ ಇಲ್ಲ.

ಹಣ ಹಾಕುವ ಕೆಲಸಕ್ಕೆ ಮಾಲೀಕರು ವೈಫೈ ಆರಿಸಿ ಸಿಮ್‌ನ ಡೇಟಾದಲ್ಲೇ ಮುಗಿಸಿದರೆ ಲಾಗಿನ್ ಪುಟವೂ ಇಲ್ಲ, ವಿಪಿಎನ್ ತಕರಾರೂ ಇಲ್ಲ. ಲ್ಯಾಪ್‌ಟಾಪ್ ಇದ್ದರೆ ಫೋನಿನ ಹಾಟ್‌ಸ್ಪಾಟ್ ಸಾಕು. ಬೆಳಿಗ್ಗೆ ಕೋಣೆ ಖಾಲಿ ಮಾಡುವಾಗ ಸೆಟ್ಟಿಂಗಿಗೆ ಹೋಗಿ ಆ ವೈಫೈಯನ್ನು ‘ಫರ್ಗೆಟ್’ ಒತ್ತಿ ಅಳಿಸಬೇಕು. ಇಲ್ಲವಾದರೆ ಅದೇ ಹೆಸರಿನ ಬಯಲು ವೈಫೈ ಎಲ್ಲಿ ಸಿಕ್ಕಿದರೂ, ಅದನ್ನು ಯಾರು ಇಟ್ಟಿದ್ದರೂ, ಫೋನು ಜೇಬಿನೊಳಗಿಂದಲೇ ಹೋಗಿ ಸೇರಿಕೊಳ್ಳುತ್ತದೆ.