ಎರಡು ಹೆಸರು, ಒಂದೇ ಔಷಧ

ಬೆಳಗಿನ ಜಾವ ನಾಲ್ಕಕ್ಕೆ ಅಪ್ಪನ ಬನಿಯನ್ ಬೆವರಿನಲ್ಲಿ ತೊಯ್ದು ಮೈಗೆ ಅಂಟಿತ್ತು. ಮಾತು ತೊದಲುತ್ತಿತ್ತು. ಅಮ್ಮ ಬೆರಳಿಗೆ ಚುಚ್ಚಿ ಶುಗರ್ ನೋಡಿದರೆ 58. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿದಳು. ಕಾಲು ಗಂಟೆ ಬಿಟ್ಟು ಮತ್ತೆ ನೋಡಿ, 92 ಬಂದ ಮೇಲೆ ಜರ್ಮನಿಯಲ್ಲಿದ್ದ ನನಗೆ ಫೋನ್ ಮಾಡಿದಳು. 70ಕ್ಕಿಂತ ಇಳಿದರೇ ಅದು ಕಡಿಮೆ ಎಂದು ಲೆಕ್ಕ.

ವಾರದ ಹಿಂದಷ್ಟೇ ಅಪ್ಪ ಜ್ವರಕ್ಕೆಂದು ಆಸ್ಪತ್ರೆ ಸೇರಿ ಮನೆಗೆ ಬಂದಿದ್ದರು. ‘ಮನೆಯಲ್ಲಿರೋ ಮಾತ್ರೆಯೆಲ್ಲ ಮಂಚದ ಮೇಲೆ ಹರಡು, ಒಂದೊಂದೇ ಸ್ಟ್ರಿಪ್ ತಿರುಗಿಸಿ ತೋರಿಸು’ ಎಂದೆ ವಿಡಿಯೊ ಕಾಲ್‌ನಲ್ಲಿ. ಕಂಪನಿ ಇಟ್ಟ ಹೆಸರು ಬೇಗ ಕಣ್ಣಿಗೆ ಬೀಳುತ್ತದೆ. ಒಳಗಿನ ಔಷಧ ಯಾವುದು, ಎಷ್ಟು ಮಿಲಿಗ್ರಾಂ ಎಂಬುದನ್ನು ಹುಡುಕಿ ಓದಬೇಕು. ಊರಿನ ಡಾಕ್ಟರು ಕೊಟ್ಟದ್ದರಲ್ಲಿ ಗ್ಲಿಮೆಪಿರೈಡ್ 1 ಮಿ.ಗ್ರಾಂ, ದಿನಕ್ಕೆರಡು ಸಲ. ಆಸ್ಪತ್ರೆಯವರು ಕೊಟ್ಟ ಬೇರೆ ಹೆಸರಿನದರಲ್ಲೂ ಗ್ಲಿಮೆಪಿರೈಡೇ, 2 ಮಿ.ಗ್ರಾಂ. ಹಳೆಯದನ್ನು ನಿಲ್ಲಿಸಿ ಎಂದು ಚೀಟಿಯಲ್ಲಿ ಬರೆದಿರಲಿಲ್ಲ. ಅಪ್ಪ ಎರಡನ್ನೂ ನುಂಗುತ್ತಿದ್ದರು. ಜ್ವರದಿಂದೆದ್ದ ಬಾಯಿಗೆ ರುಚಿಯಿಲ್ಲದೆ ರಾತ್ರಿ ಊಟ ಅರ್ಧಕ್ಕೇ ಬಿಡುತ್ತಿದ್ದರು.

ಯಾವುದನ್ನು ನಿಲ್ಲಿಸಬೇಕೆಂದು ನಾನು ಹೇಳಬಾರದು. ಅಪ್ಪನನ್ನು ಕೇಳಿಕೊಂಡು ಊರಿನ ಡಾಕ್ಟರಿಗೆ ಬರೆದೆ: ‘ಡಾಕ್ಟರೇ, ನಮಸ್ಕಾರ. ಅಪ್ಪನಿಗೆ 74 ವರ್ಷ. ಈಗ ನಿಜವಾಗಿ ನುಂಗುತ್ತಿರುವ ಮಾತ್ರೆಗಳು ಇವು’ ಎಂದು ಆರಂಭಿಸಿ ಔಷಧದ ಹೆಸರು, ಪ್ರಮಾಣ, ಹೊತ್ತು ಬರೆದೆ. ಶುಗರ್ ಎಷ್ಟಿತ್ತು ಎಂಬುದರ ಜೊತೆಗೆ ಹಿಂದಿನ ರಾತ್ರಿ ಏನು ಉಂಡಿದ್ದರು ಎಂಬುದನ್ನೂ ಸೇರಿಸಿದೆ. ಕೊನೆಗೆ ಒಂದೇ ಪ್ರಶ್ನೆ: ‘ಎರಡರಲ್ಲಿ ಯಾವುದು ಇರಬೇಕು?’

ಅರ್ಧ ಗಂಟೆಯಲ್ಲೇ ಅವರು ಅಪ್ಪನಿಗೆ ಫೋನ್ ಮಾಡಿದರು. ಆ ದಿನದ ಮಟ್ಟಿಗೆ ಎರಡನ್ನೂ ನಿಲ್ಲಿಸಿ, ಮೂರು ಗಂಟೆಗೊಮ್ಮೆ ಶುಗರ್ ನೋಡಲು ಹೇಳಿದರು. ಗ್ಲಿಮೆಪಿರೈಡ್‌ನ ಪ್ರಭಾವ ಸುಮಾರು ಒಂದು ದಿನ ಉಳಿಯುತ್ತದೆ. ಸಕ್ಕರೆ ನೀರು ಕುಡಿದು ಏರಿದ ಶುಗರ್ ಮತ್ತೆ ಜಾರಬಹುದು. ಕಿಡ್ನಿ ನಿಧಾನವಾಗಿದ್ದರೆ ಔಷಧ ಇನ್ನೂ ಹೆಚ್ಚು ಹೊತ್ತು ಮೈಯಲ್ಲಿರುತ್ತದೆ ಎಂದು ಕ್ರಿಯಾಟಿನಿನ್ ಪರೀಕ್ಷೆಯನ್ನೂ ಬರೆದರು.

ನನ್ನ ಪಟ್ಟಿಯಲ್ಲಿ ಬಿಪಿಯ ಮಾತ್ರೆ ಅಟೆನೊಲಾಲ್ ಇದ್ದದ್ದರಿಂದ ಇನ್ನೊಂದು ವಿಷಯ ಹೊರಬಿತ್ತು. ಶುಗರ್ ಇಳಿದಾಗ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಆ ಎಚ್ಚರಿಕೆಗಳನ್ನು ಈ ಮಾತ್ರೆ ಅಡಗಿಸಿಬಿಡಬಹುದು. ಬೆವರನ್ನು ಮಾತ್ರ ಅಡಗಿಸದು. ಅಪ್ಪನಿಗೆ ಆ ರಾತ್ರಿ ನಡುಕವೇ ಇರಲಿಲ್ಲ. ಹಾಗೆಂದು ಅಟೆನೊಲಾಲನ್ನು ದಿಢೀರನೆ ಬಿಡುವಂತಿಲ್ಲ, ಹೃದಯಕ್ಕೆ ಅಪಾಯ. ಬದಲಿಸುವುದಿದ್ದರೆ ಮೆಲ್ಲಗೆ ಕಡಿಮೆ ಮಾಡಬೇಕು, ಅದನ್ನು ಮುಂದಿನ ಭೇಟಿಯಲ್ಲಿ ನೋಡೋಣ ಎಂದರು.

ಅಮ್ಮ ಈಗ ರಾತ್ರಿ ಎಚ್ಚರವಾದಾಗಲೆಲ್ಲ ಅಪ್ಪನ ಕತ್ತಿನ ಹಿಂಭಾಗ ಮುಟ್ಟಿ ನೋಡುತ್ತಾಳೆ, ಒದ್ದೆಯಾಗಿದೆಯೇ ಎಂದು.