ಪಾಸ್‌ವರ್ಡ್ ಬದಲಾಯಿಸಿದ್ರೂ ಕಳ್ಳ ಒಳಗೇ ಇದ್ದ: ಕುಕಿ ಕದಿಯೋ ಎಕ್ಸ್‌ಟೆನ್ಶನ್‌ಗಳ ಕಥೆ

ಇವತ್ತಿನ ಸಂಚಿಕೆ ಒಂದು ಫೋನ್ ಕಾಲ್‌ನಿಂದ ಶುರುವಾಗುತ್ತೆ. ಕೊಳ್ಳೇಗಾಲದ ಒಬ್ಬ ಹುಡುಗ. ಮದುವೆ ವಿಡಿಯೊ, ಹನೂರು ಕಡೆಯ ಜಾತ್ರೆ ವಿಡಿಯೊ ಮಾಡ್ತಾನೆ, ಅವನ್ನೆಲ್ಲ ತನ್ನ ಫೇಸ್‌ಬುಕ್ ಪೇಜ್‌ಗೆ ಹಾಕ್ತಾನೆ. ರಾತ್ರಿ ಹತ್ತಕ್ಕೆ ಕಾಲ್ ಮಾಡಿ ಅಂದ: "ಅಣ್ಣ, ನನ್ ಪೇಜಿಂದ ಯಾರೋ ಜಾಹೀರಾತು ಓಡುಸ್ತಾವ್ರೆ. ಪಾಸ್‌ವರ್ಡ್ ಮೂರು ಸಲ ಚೇಂಜ್ ಮಾಡಿವ್ನಿ. ಆದ್ರೂ ಅವ್ನು ಒಳಗೇ ಅವ್ನೆ ಕಣಣ್ಣ!"

ಓಟಿಪಿ ಯಾರಿಗೂ ಕೊಟ್ಟಿಲ್ಲ. ಲಿಂಕ್ ಒತ್ತಿಲ್ಲ. ಎರಡು ಹಂತದ ವೆರಿಫಿಕೇಶನ್ ಕೂಡ ಆನ್ ಇದೆ. ಹಾಗಾದ್ರೆ ಕಳ್ಳ ಒಳಗೆ ಬಂದಿದ್ದು ಹೇಗೆ? ಅದಕ್ಕಿಂತ ಮುಖ್ಯವಾಗಿ, ಹೊರಗೆ ಹೋಗ್ತಿಲ್ಲ ಯಾಕೆ?

ಜಾತ್ರೆಯಲ್ಲಿ ಎಕ್ಸಿಬಿಶನ್‌ಗೆ ಹೋಗಿದ್ದೀರಲ್ಲ? ಗೇಟಲ್ಲಿ ಟಿಕೆಟ್ ತಗೊಂಡ್ರೆ ಕೈಗೆ ಒಂದು ಸೀಲ್ ಒತ್ತುತ್ತಾರೆ. ಆಮೇಲೆ ಹೊರಗೆ ಹೋಗಿ ಬಂದ್ರೂ ಯಾರೂ ಟಿಕೆಟ್ ಕೇಳಲ್ಲ, ಸೀಲ್ ತೋರಿಸಿದ್ರೆ ಸಾಕು. ವೆಬ್‌ಸೈಟ್‌ಗಳೂ ಹಂಗೇ. ನೀವು ಪಾಸ್‌ವರ್ಡ್, ಓಟಿಪಿ ಎಲ್ಲ ಕೊಟ್ಟು ಒಂದು ಸಲ ಲಾಗಿನ್ ಆದ್ಮೇಲೆ ಸರ್ವರ್ ನಿಮ್ಮ ಬ್ರೌಸರ್‌ಗೆ ಉದ್ದದ ಒಂದು ಗುಪ್ತ ಅಕ್ಷರಮಾಲೆ ಕೊಡುತ್ತೆ. ಅದೇ ಸೆಶನ್ ಕುಕಿ. ಫೇಸ್‌ಬುಕ್‌ನಲ್ಲಿ ಇದಕ್ಕೆ `xs` ಅಂತ ಹೆಸರು, ಜೊತೆಗೆ ನಿಮ್ಮ ಖಾತೆಯ ನಂಬರ್ ಇರೋ `c_user`. ಮುಂದೆ ನೀವು ಪ್ರತಿ ಸಲ ಪುಟ ತೆರೆದಾಗ ಬ್ರೌಸರ್ ಈ ಸೀಲ್ ತೋರಿಸುತ್ತೆ. ಅದಕ್ಕೇ ನಿಮಗೆ ದಿನಾ ಪಾಸ್‌ವರ್ಡ್ ಹಾಕೋ ಕೆಲಸ ಇಲ್ಲ.

ಈಗ ಆ ಸೀಲನ್ನೇ ಯಾರೋ ನಕಲು ಮಾಡಿಕೊಂಡ್ರು ಅನ್ಕೊಳ್ಳಿ. ಅವರಿಗೆ ನಿಮ್ಮ ಪಾಸ್‌ವರ್ಡೂ ಬೇಡ, ಓಟಿಪಿನೂ ಬೇಡ. ಎರಡೂ ಗೇಟಿನ ಹತ್ತಿರದ ಕಾವಲು. ಕಳ್ಳ ಗೇಟಿಗೆ ಬರೋದೇ ಇಲ್ಲ.

ಸರಿ, ಕುಕಿ ನಕಲು ಮಾಡಿದ್ದು ಯಾರು? ಮಾರನೇ ದಿನ ಅವನ ಕಂಪ್ಯೂಟರ್ ಮುಂದೆ ಕೂತು ಕ್ರೋಮ್‌ನಲ್ಲಿ `chrome://extensions` ಅಂತ ಟೈಪ್ ಮಾಡಿದೆ. ನಾಲ್ಕು ಎಕ್ಸ್‌ಟೆನ್ಶನ್ ಇದ್ವು. ಒಂದು ವಿಡಿಯೊ ಡೌನ್‌ಲೋಡ್ ಮಾಡೋದು. ವರ್ಷದ ಹಿಂದೆ ಯಾವುದೋ ಕ್ಲಿಪ್ ಇಳಿಸೋಕೆ ಅಂತ ಹಾಕಿ ಮರೆತಿದ್ದ. ಅದರ Details ಒತ್ತಿದ್ರೆ ಅನುಮತಿ ಜಾಗದಲ್ಲಿ ಹೀಗಿತ್ತು: "Read and change all your data on all websites". ಅಂದ್ರೆ ನೀವು ತೆರೆಯೋ ಪ್ರತಿ ಸೈಟಲ್ಲೂ ಏನಿದೆಯೋ ಅದನ್ನ ಓದಬಹುದು, ಬದಲಾಯಿಸಬಹುದು. ಇದರ ಜೊತೆ ಕುಕಿ ಓದೋ ಅನುಮತಿಯೂ ಸಿಕ್ಕಿದ್ರೆ, ವೆಬ್‌ಪುಟದ ಸ್ಕ್ರಿಪ್ಟ್‌ಗೂ ಕಾಣದ ಹಾಗೆ ಬಚ್ಚಿಟ್ಟ ಕುಕಿ ಕೂಡ ಎಕ್ಸ್‌ಟೆನ್ಶನ್‌ಗೆ ಸಿಗುತ್ತೆ. ಅಡ್ರೆಸ್ ಬಾರ್‌ನಲ್ಲಿ `https` ಇದ್ರೂ ಉಪಯೋಗ ಇಲ್ಲ. ಅದು ಕಾಪಾಡೋದು ದಾರಿಯನ್ನ, ಎಕ್ಸ್‌ಟೆನ್ಶನ್ ಇರೋದು ಮನೆ ಒಳಗೆ.

"ಹಾಕ್ದಾಗ ಚೆನ್ನಾಗೇ ಇತ್ತಲ್ಲಣ್ಣ" ಅಂದ. ಇದ್ದಿರಬಹುದು. ಒಳ್ಳೆ ಎಕ್ಸ್‌ಟೆನ್ಶನ್ ರಾತ್ರೋರಾತ್ರಿ ಕೆಡಬಹುದು, ಯಾಕಂದ್ರೆ ಅಪ್‌ಡೇಟ್ ತಾನೇ ಆಗುತ್ತೆ. 2024ರ ಡಿಸೆಂಬರ್ 24ರಂದು ಸೈಬರ್‌ಹೇವನ್ ಅನ್ನೋ ಅಮೆರಿಕದ ಭದ್ರತಾ ಕಂಪನಿಗೇ ಹೀಗಾಯ್ತು. ಅಲ್ಲಿನ ಒಬ್ಬ ಉದ್ಯೋಗಿಗೆ ಕ್ರೋಮ್ ವೆಬ್ ಸ್ಟೋರ್‌ನವರು ಬರೆದ ಹಾಗಿದ್ದ ಸುಳ್ಳು ಇಮೇಲ್ ಬಂತು. ಅದನ್ನ ನಂಬಿ ಒಂದು ಆ್ಯಪ್‌ಗೆ ಅನುಮತಿ ಕೊಟ್ರು. ಕಳ್ಳರು ಆ ಅನುಮತಿ ಹಿಡಿದು ಕಂಪನಿಯ ಎಕ್ಸ್‌ಟೆನ್ಶನ್‌ಗೆ ವಿಷ ಬೆರೆಸಿ 24.10.4 ಅನ್ನೋ ಆವೃತ್ತಿ ಬಿಟ್ರು. ಮರುದಿನವೇ ಪತ್ತೆಯಾಗಿ ತೆಗೆದುಹಾಕಿದ್ರು. ಆದ್ರೆ ಆ ಎಕ್ಸ್‌ಟೆನ್ಶನ್‌ಗೆ ಸುಮಾರು 4 ಲಕ್ಷ ಬಳಕೆದಾರರಿದ್ರು. ಕಳ್ಳರ ಕಣ್ಣಿದ್ದದ್ದು ಯಾವುದರ ಮೇಲೆ ಗೊತ್ತಾ? ಫೇಸ್‌ಬುಕ್ ಜಾಹೀರಾತು ಖಾತೆಗಳ ಮೇಲೆ. ಕಾರಣ ಸರಳ: ಆ ಖಾತೆಗೆ ಕಾರ್ಡ್ ಜೋಡಿಸಿರುತ್ತೆ.

ಈಗ ಅಸಲಿ ಪ್ರಶ್ನೆಗೆ ಬರೋಣ. ಪಾಸ್‌ವರ್ಡ್ ಬದಲಾಯಿಸಿದ್ರೂ ಯಾಕೆ ಹೋಗ್ಲಿಲ್ಲ?

ಮೊದಲನೇ ಕಾರಣ, ಪಾಸ್‌ವರ್ಡ್ ಬದಲಾಯಿಸಿದ ತಕ್ಷಣ ಹಳೇ ಸೀಲ್‌ಗಳೆಲ್ಲ ರದ್ದಾಗುತ್ತೆ ಅಂತೇನಿಲ್ಲ. ಅದು ಸೈಟ್‌ನಿಂದ ಸೈಟ್‌ಗೆ ಬೇರೆ. ಗೂಗಲ್ ಹೆಚ್ಚಿನ ಡಿವೈಸ್‌ಗಳಿಂದ ಹೊರಗೆ ಹಾಕುತ್ತೆ, ಕೆಲವನ್ನ ಬಿಡುತ್ತೆ. ಕೆಲವು ಸೈಟ್‌ಗಳು ಉಳಿದ ಡಿವೈಸ್‌ಗಳಿಂದ ಲಾಗೌಟ್ ಮಾಡ್ಬೇಕಾ ಅಂತ ನಿಮ್ಮನ್ನೇ ಕೇಳುತ್ತವೆ. ನಮ್ಮ ಹುಡುಗ ಗಾಬರಿಯಲ್ಲಿ ಅದನ್ನ ನೋಡದೇ ಮುಂದೆ ಹೋಗಿದ್ದ. ಗೇಟಿನ ಬೀಗ ಬದಲಾಯಿಸಿದ್ರೆ ಆಗಲೇ ಒಳಗಿರೋನು ಹೊರಗೆ ಹೋಗ್ತಾನಾ? ಬ್ರೌಸರ್‌ನಲ್ಲಿ ಕುಕಿ ಡಿಲೀಟ್ ಮಾಡಿದ್ರೂ ಅಷ್ಟೇ. ನಿಮ್ಮ ಕೈಯ ಸೀಲ್ ಅಳಿಸುತ್ತೆ, ಕಳ್ಳನ ಕೈಯದ್ದು ಹಾಗೇ ಇರುತ್ತೆ. ಅದನ್ನ ಸರ್ವರ್‌ನಲ್ಲೇ ರದ್ದು ಮಾಡಬೇಕು.

ಎರಡನೇ ಕಾರಣ ಇನ್ನೂ ಕೆಟ್ಟದ್ದು. ಅವನು ಮೂರೂ ಸಲ ಪಾಸ್‌ವರ್ಡ್ ಬದಲಾಯಿಸಿದ್ದು ಅದೇ ಕಂಪ್ಯೂಟರ್‌ನಲ್ಲಿ, ಅದೇ ಬ್ರೌಸರ್‌ನಲ್ಲಿ. ಹೊಸ ಪಾಸ್‌ವರ್ಡ್ ಹಾಕಿದ ತಕ್ಷಣ ಸರ್ವರ್ ಹೊಸ ಸೀಲ್ ಕೊಡ್ತು. ಅಲ್ಲೇ ಕೂತಿರೋ ಎಕ್ಸ್‌ಟೆನ್ಶನ್ ಅದನ್ನೂ ನಕಲು ಮಾಡಬಹುದು.

ಅದಕ್ಕೇ ನಾವು ಕ್ರಮ ಬದಲಾಯಿಸಿದ್ವಿ. ಮೊದಲು ಎಕ್ಸ್‌ಟೆನ್ಶನ್ ತೆಗೆದ್ವಿ. ಇಲ್ಲೊಂದು ಎಡವಟ್ಟಾಯ್ತು: ಯಳಂದೂರಿನಲ್ಲಿರೋ ಗೆಳೆಯನ ಸ್ಟುಡಿಯೊ ಕಂಪ್ಯೂಟರ್‌ನಲ್ಲೂ ಇವನು ಅದೇ ಗೂಗಲ್ ಖಾತೆಯಿಂದ ಕ್ರೋಮ್‌ಗೆ ಸೈನ್ ಇನ್ ಆಗಿದ್ದ. ಸಿಂಕ್ ಆನ್ ಇದ್ರೆ ಎಕ್ಸ್‌ಟೆನ್ಶನ್ ಅಲ್ಲಿಗೂ ಹೋಗುತ್ತೆ. ಫೋನ್ ಮಾಡಿ ನೋಡಿಸಿದ್ರೆ, ಅಲ್ಲೂ ಇತ್ತು. ಅದನ್ನೂ ತೆಗೆಸಿದ್ವಿ.

ಆಮೇಲೆ ಕಂಪ್ಯೂಟರ್ ಬಿಟ್ಟು ಅವನ ಮೊಬೈಲ್ ತಗೊಂಡ್ವಿ. ಆಂಡ್ರಾಯ್ಡ್‌ನ ಕ್ರೋಮ್‌ಗೆ ಎಕ್ಸ್‌ಟೆನ್ಶನ್ ಹಾಕೋಕೆ ಆಗಲ್ಲ, ಹಾಗಾಗಿ ಈ ಕಾಯಿಲೆ ಅದಕ್ಕೆ ತಗಲಿರಲಿಲ್ಲ. ಫೈರ್‌ಫಾಕ್ಸ್‌ನಂಥ ಬ್ರೌಸರ್‌ಗಳಲ್ಲಿ ಹಾಕಬಹುದು, ಹುಷಾರು. ಫೇಸ್‌ಬುಕ್‌ನ Password and security ಒಳಗೆ Where you're logged in ತೆರೆದು, ಕೈಲಿರೋ ಫೋನ್ ಬಿಟ್ಟು ಎಲ್ಲವನ್ನೂ ಲಾಗೌಟ್ ಮಾಡಿದ್ವಿ. ಪಾಸ್‌ವರ್ಡ್ ಬದಲಾಯಿಸಿದ್ದು ಆಮೇಲೆ. ಪಟ್ಟಿಯಲ್ಲಿ ಅಪರಿಚಿತ ಊರು ಕಾಣದಿದ್ರೆ ಸೇಫ್ ಅನ್ಕೋಬೇಡಿ. ಕದ್ದ ಕುಕಿ ಅಂದ್ರೆ ನಿಮ್ಮದೇ ಸೆಶನ್, ನಿಮ್ಮದೇ ಕಂಪ್ಯೂಟರ್ ಹೆಸರಲ್ಲಿ ಕಾಣಬಹುದು. ಅದಕ್ಕೇ ಎಲ್ಲವನ್ನೂ ತೆಗೆಯೋದು.

ಕೊನೆಗೆ ಕಳ್ಳ ಒಳಗಿದ್ದಾಗ ಏನು ಬಿಟ್ಟುಹೋಗಿದ್ದಾನೆ ಅಂತ ನೋಡಿದ್ವಿ. ಪೇಜ್‌ನ ಅಡ್ಮಿನ್ ಪಟ್ಟಿಯಲ್ಲಿ ಗೊತ್ತಿಲ್ಲದ ಒಂದು ಹೆಸರಿತ್ತು! ಅದನ್ನ ಬಿಟ್ಟಿದ್ರೆ ಸೀಲ್ ಇಲ್ಲದೇನೂ ಅವನು ಮತ್ತೆ ಬರ್ತಿದ್ದ. ರಿಕವರಿ ಇಮೇಲ್, ಫೋನ್ ನಂಬರ್‌ನೂ ನೋಡಿಕೊಂಡ್ವಿ. ಕಾರ್ಡ್‌ನ ಬ್ಯಾಂಕಿಗೆ ಹೇಳಿ ಬ್ಲಾಕ್ ಮಾಡಿಸಿದ.

ಆ ಎಕ್ಸ್‌ಟೆನ್ಶನ್ನೇ ಕಳ್ಳ ಅಂತ ನಾನು ನೂರಕ್ಕೆ ನೂರು ಹೇಳಲಾರೆ, ಅದರ ಕೋಡ್ ಬಿಚ್ಚಿ ನೋಡಿಲ್ಲ. ಆದ್ರೆ ಅದು ಹೋಗಿ, ಸೆಶನ್‌ಗಳು ಸತ್ತ ಮೇಲೆ ಜಾಹೀರಾತು ನಿಂತವು.

ನಿಮಗೂ ಹೀಗಾಗಿ ದುಡ್ಡು ಹೋಗಿದ್ರೆ ತಡ ಮಾಡದೆ 1930ಕ್ಕೆ ಕಾಲ್ ಮಾಡಿ, ಅಥವಾ cybercrime.gov.inನಲ್ಲಿ ದೂರು ಕೊಡಿ. ಚಾಮರಾಜನಗರದಲ್ಲಿ ಸಿಇಎನ್ ಪೊಲೀಸ್ ಠಾಣೆಯೂ ಇದೆ. ಸೆಶನ್ ಪಟ್ಟಿ, ಅಡ್ಮಿನ್ ಪಟ್ಟಿಯ ಸ್ಕ್ರೀನ್‌ಶಾಟ್ ಮಾತ್ರ ಅಳಿಸೋ ಮುಂಚೆಯೇ ತೆಗೆದಿಟ್ಕೊಳ್ಳಿ. ನಮ್ಮ ಹುಡುಗ ಅದನ್ನ ಮರೆತ, ಆಮೇಲೆ ದೂರು ಕೊಡೋಕೆ ಕೈಲಿ ಏನೂ ಉಳಿದಿರಲಿಲ್ಲ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.